ಎರಡೂ ತೂತೇ, ಆದರೆ ರಕ್ತ ಹರಿಯುವ ದಿಕ್ಕು ಬೇರೆ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 9 ವರ್ಷ. ಸಾಲಿಗೆ ಬಂದ ಡಾಕ್ಟ್ರು ಎದಿ ನೋಡಿ ಎಕೋ ಮಾಡಸ್ರಿ ಅಂದ್ರು. ಹಾರ್ಟ್‌ನ್ಯಾಗ 16 ಎಂ.ಎಂ. ತೂತು ಐತಿ, ಎ.ಎಸ್.ಡಿ. ಅಂತ ಹೇಳ್ಯಾರ. ಅಕಿ ಆಡ್ತಾಳ, ಓಡ್ತಾಳ, ಏನೂ ತ್ರಾಸಿಲ್ಲ. ಅವಸರ ಇಲ್ಲ, ಸೂಟಿಯೊಳಗ ಛತ್ರಿ ಹಾಕಿಸೋಣ ಅಂದ್ರು. ನಮ್ಮ ಮೈದುನನ ಮಗಗ 14 ತಿಂಗಳು. ಅವಗೂ ತೂತೇ ಅಂತ, ಆದ್ರ ಅತ್ತರ ತುಟಿ ನೀಲಿ ಆಗ್ತಾವ. ಟೆಟ್ರಾಲಜಿ ಅಂತ ಬರದಾರ, ತಡಾ ಮಾಡಬ್ಯಾಡ್ರಿ, ಎದಿ ತಗದು ಆಪರೇಷನ್ ಆಗಬೇಕು ಅಂದ್ರು. ಎರಡೂ ತೂತ ಆದ್ರ ಒಬ್ಬರಿಗೆ ನೀಲಿ, ಒಬ್ಬರಿಗೆ ಇಲ್ಲ, ಇದೇನು? ಅವಗೂ ಛತ್ರಿ ಹಾಕಾಕ ಬರೂದಿಲ್ಲೇನು? ನೆಗೆಣ್ಣಿ ಈಗ ಮತ್ತ ಬಸುರಿ. ಮುಂದಿನ ಕೂಸಿಗೂ ಹಿಂಗ ಆಕ್ಕತೇನು?
— ಜಮಖಂಡಿ ತಾಲ್ಲೂಕಿನ ತಾಯಿಯೊಬ್ಬರು

ಉತ್ತರ: ನೋಡ್ರಿ ಅಕ್ಕಾರೇ, ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ನಾವು ಡಾಕ್ಟರುಗಳೇ. ಓ.ಪಿ.ಡಿ. ಮುಂದೆ ಪಾಳಿ ಉದ್ದ ಇರುತ್ತದೆ. ‘ಹಾರ್ಟ್‌ನಲ್ಲಿ ತೂತು’ ಅಂದುಬಿಟ್ಟರೆ ಒಂದೇ ಮಾತಿಗೆ ಕೆಲಸ ಮುಗಿಯುತ್ತದೆ. ಬೆಳಗಾವಿಯಲ್ಲಿ ಇಷ್ಟು ವರ್ಷ ಮಕ್ಕಳ ಹೃದಯ ನೋಡುತ್ತಾ ನಾನೂ ಅದನ್ನೇ ಹೇಳಿದ್ದೇನೆ. ಆದರೆ ಆ ಮಾತು ಅರ್ಧ ಸತ್ಯ. ತೂತು ಇದೆ ಅನ್ನುವುದು ಒಂದು ಸಂಗತಿ. ಅದರ ಮೂಲಕ ರಕ್ತ ಯಾವ ಕಡೆಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಅನ್ನುವುದು ಬೇರೆ ಸಂಗತಿ. ಕಾಯಿಲೆ ಇರುವುದು ಎರಡನೆಯದರಲ್ಲಿ.

ನೀವು ಕಬ್ಬಿಗೆ ನೀರು ಹಾಯಿಸುವುದನ್ನು ನೋಡಿಕೊಂಡೇ ಬೆಳೆದಿರುತ್ತೀರಿ. ಎರಡು ಮಡಿಗಳ ನಡುವಿನ ಒಡ್ಡು ಒಡೆದಿದೆ ಅನ್ನಿ. ನೀರು ಯಾವ ಮಡಿಯಿಂದ ಯಾವ ಮಡಿಗೆ ಹೋಗುತ್ತದೆ? ಒಡೆದ ಜಾಗ ಎಷ್ಟು ಅಗಲ ಅಂತ ನೋಡಿದರೆ ಅದು ಗೊತ್ತಾಗುವುದಿಲ್ಲ. ಯಾವ ಮಡಿ ತಗ್ಗಿನಲ್ಲಿದೆ, ಯಾವ ಮಡಿಯಿಂದ ಮುಂದೆ ಹೋಗುವ ದಾರಿ ಕಟ್ಟಿಕೊಂಡಿದೆ, ಅದನ್ನು ನೋಡಬೇಕು. ನಿಮ್ಮ ಮಗಳ ಹೃದಯದಲ್ಲಿ ಒಡ್ಡು ಮಾತ್ರ ಒಡೆದಿದೆ. ನಿಮ್ಮ ಮೈದುನನ ಮಗನಲ್ಲಿ ಒಡ್ಡೂ ಒಡೆದಿದೆ, ಮುಂದಿನ ಕಾಲುವೆಯೂ ಕಟ್ಟಿಕೊಂಡಿದೆ. ಅವನನ್ನು ನೀಲಿ ಮಾಡುತ್ತಿರುವುದು ಆ ಕಟ್ಟಿಕೊಂಡ ಕಾಲುವೆ.

ಹೃದಯದಲ್ಲಿ ನಾಲ್ಕು ಕೋಣೆ. ಬಲಗಡೆ ಮೇಲೊಂದು ಕೆಳಗೊಂದು, ಎಡಗಡೆ ಮೇಲೊಂದು ಕೆಳಗೊಂದು. ಮೈಯೆಲ್ಲ ಸುತ್ತಿ ಆಕ್ಸಿಜನ್ ಕೊಟ್ಟು ಬಂದ ಕಪ್ಪು ರಕ್ತ ಬಲಗಡೆಗೆ ಬರುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಶ್ವಾಸಕೋಶದಲ್ಲಿ ಕೆಂಪಾಗಿ ಎಡಗಡೆಗೆ ಬರುತ್ತದೆ, ಅಲ್ಲಿಂದ ಮೈಗೆ ಹೋಗುತ್ತದೆ. ಶ್ವಾಸಕೋಶದ ದಾರಿ ಸಲೀಸು. ಅಲ್ಲಿಗೆ ರಕ್ತ ತಳ್ಳಲು ಬಲಗಡೆಯ ಕೋಣೆಗೆ 25ರಷ್ಟು ಒತ್ತಡ ಸಾಕು. ಇಡೀ ಮೈಗೆ ತಳ್ಳಬೇಕಾದ ಎಡಗಡೆಯ ಕೋಣೆಗೆ ದೊಡ್ಡವರಲ್ಲಿ 120 ಬೇಕು. ಬಿ.ಪಿ. ನೋಡುವಾಗ ಮೇಲೆ ಬರೆಯುತ್ತಾರಲ್ಲ, ಅದೇ 120. ಹಾಗಾಗಿ ಎಡಗಡೆಯ ಗೋಡೆ ದಪ್ಪ, ಬಿರುಸು. ಬಲಗಡೆಯ ಗೋಡೆ ತೆಳು, ಮೆತ್ತಗೆ. ಇಷ್ಟು ನೆನಪಿದ್ದರೆ ಉಳಿದಿದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ನಿಮ್ಮ ಮಗಳ ವಿಷಯ. ಎ.ಎಸ್.ಡಿ. ಅಂದರೆ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಎಡಗಡೆಯ ಮೇಲಿನ ಕೋಣೆ ತನ್ನ ಕೆಂಪು ರಕ್ತವನ್ನು ಕೆಳಗಿನ ದಪ್ಪ, ಬಿರುಸು ಕೋಣೆಗೆ ತುಂಬಬೇಕು. ಪಕ್ಕದಲ್ಲೇ ತೂತು, ಅದರಾಚೆ ಮೆತ್ತಗಿನ ಬಲಗಡೆ. ರಕ್ತ ಸುಲಭದ ದಾರಿ ಹಿಡಿಯುತ್ತದೆ. ಸ್ವಲ್ಪ ಕೆಂಪು ರಕ್ತ ಎಡದಿಂದ ಬಲಕ್ಕೆ ಜಾರುತ್ತದೆ, ಮತ್ತೆ ಶ್ವಾಸಕೋಶಕ್ಕೇ ಹೋಗಿ ಸುಮ್ನೆ ಇನ್ನೊಂದು ಸುತ್ತು ಹಾಕಿ ಬರುತ್ತದೆ. ಮೈಗೆ ಹೋಗುವುದು ಶುದ್ಧ ಕೆಂಪು ರಕ್ತವೇ. ಅದಕ್ಕೇ ಆಕೆ ನೀಲಿ ಆಗುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟು ತುಂಬಿದೆ ಅನ್ನುವ ಲೆಕ್ಕಕ್ಕೆ ಸ್ಯಾಚುರೇಷನ್ ಅನ್ನುತ್ತೇವೆ. ಬೆರಳಿಗೆ ಕ್ಲಿಪ್ ಹಾಕಿ ನೋಡಿದರೆ ಅದು 98 ಬರುತ್ತದೆ, ನಿಮಗೆ ನನಗೆ ಬರುವ ಹಾಗೆ.

ಎಷ್ಟು ರಕ್ತ ಹೀಗೆ ಸುಮ್ನೆ ಸುತ್ತುತ್ತಿದೆ ಅಂತ ಲೆಕ್ಕ ಹಾಕಲು ಬರುತ್ತದೆ. ತೂತು ಮುಚ್ಚುವ ಛತ್ರಿ ಹಾಕುವ ದಿನ, ರಕ್ತನಾಳದಿಂದ ಹೃದಯದೊಳಗೆ ಸಣ್ಣ ಕೊಳವೆ ಒಯ್ಯುವ ಕ್ಯಾಥ್ ಲ್ಯಾಬ್‌ನಲ್ಲಿ, ಬೇರೆ ಬೇರೆ ಜಾಗದಿಂದ ರಕ್ತ ತೆಗೆದು ಸ್ಯಾಚುರೇಷನ್ ನೋಡುತ್ತಾರೆ. ಇಂಥ ಮಕ್ಕಳಲ್ಲಿ ಬರುವಂಥ ಅಂಕಿಗಳನ್ನು ತೆಗೆದುಕೊಳ್ಳಿ. ಮೈಗೆ ಹೋಗುವ ರಕ್ತದಲ್ಲಿ 98, ಮೈಯಿಂದ ತಿರುಗಿ ಬಂದದ್ದರಲ್ಲಿ 70. ತೂತು ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗುವ ನಾಳದಲ್ಲೂ 70ರ ಆಸುಪಾಸೇ ಇರಬೇಕು. ಇಲ್ಲಿ 86 ಬರುತ್ತದೆ. ಈ 16 ಹೆಚ್ಚು ಎಲ್ಲಿಂದ ಬಂತು? ತೂತಿನಿಂದ ಜಾರಿದ ಕೆಂಪು ರಕ್ತದಿಂದ. ಮೈ ಪ್ರತಿ ಸುತ್ತಿನಲ್ಲಿ 28 ಇಳಿಸುತ್ತದೆ, ಅಂದರೆ 98ರಿಂದ 70ಕ್ಕೆ. ಶ್ವಾಸಕೋಶ ಪ್ರತಿ ಸುತ್ತಿನಲ್ಲಿ 12 ಮಾತ್ರ ಏರಿಸುತ್ತದೆ, 86ರಿಂದ 98ಕ್ಕೆ. ಮೈ ತೆಗೆದುಕೊಂಡ ಆಕ್ಸಿಜನ್ನನ್ನೇ ಶ್ವಾಸಕೋಶ ತುಂಬಿಕೊಡಬೇಕಲ್ವಾ? ಒಂದು ಸಲಕ್ಕೆ ಕಡಿಮೆ ತುಂಬುತ್ತಿದೆ ಅಂದರೆ ಜಾಸ್ತಿ ರಕ್ತ ಹಾಯುತ್ತಿದೆ ಅಂತ ಅರ್ಥ. 28ನ್ನು 12ರಿಂದ ಭಾಗಿಸಿ. 2.3 ಬರುತ್ತದೆ. ಮೈಗೆ 10 ತಂಬಿಗೆ ರಕ್ತ ಹೋದರೆ ಶ್ವಾಸಕೋಶಕ್ಕೆ 23 ತಂಬಿಗೆ ಹೋಗುತ್ತಿದೆ. ಈ ಲೆಕ್ಕ 1.5 ದಾಟಿ, ಬಲಗಡೆಯ ಕೋಣೆಗಳು ದೊಡ್ಡದಾಗಿದ್ದರೆ ತೂತು ಮುಚ್ಚಬೇಕು ಅನ್ನುತ್ತೇವೆ. ದಿನಾ ಎಲ್ಲರಿಗೂ ಹೀಗೆ ರಕ್ತ ತೆಗೆದು ನೋಡುವುದಿಲ್ಲ. ಎಕೋದಲ್ಲಿ ಬಲಗಡೆಯ ಕೋಣೆ ಹಿಗ್ಗಿದ್ದು ಕಂಡರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಇಷ್ಟೆಲ್ಲ ಹೆಚ್ಚು ಹೊರೆ ಇದ್ದರೂ 9 ವರ್ಷ ಗೊತ್ತಾಗದೇ ಹೇಗೆ ಉಳಿಯಿತು? ಹುಟ್ಟಿದ ಕೂಸಿನಲ್ಲಿ ಬಲಗಡೆಯ ಗೋಡೆಯೂ ದಪ್ಪವೇ ಇರುತ್ತದೆ. ಹೊಟ್ಟೆಯೊಳಗೆ ಇದ್ದಾಗ ಎರಡೂ ಕಡೆ ಸಮ ಕೆಲಸ ಮಾಡಿರುತ್ತವೆ. ಆಗ ತೂತಿದ್ದರೂ ರಕ್ತ ಹೆಚ್ಚು ಜಾರುವುದಿಲ್ಲ. ತಿಂಗಳು ಕಳೆದ ಹಾಗೆ ಬಲಗಡೆ ಮೆತ್ತಗಾಗುತ್ತದೆ, ಜಾರುವುದು ಜಾಸ್ತಿ ಆಗುತ್ತದೆ. ಅಷ್ಟರಲ್ಲಿ ಮಗು ಆಡಿಕೊಂಡು ಇರುತ್ತದೆ. ಸದ್ದೂ ಸಣ್ಣದು. ಮೇಲಿನ ಎರಡು ಕೋಣೆಗಳ ನಡುವೆ ಒತ್ತಡದ ವ್ಯತ್ಯಾಸ ತೀರಾ ಕಡಿಮೆ, ಹಾಗಾಗಿ ತೂತಿನಲ್ಲಿ ರಕ್ತ ಸದ್ದು ಮಾಡದೆ ಜಾರುತ್ತದೆ. ನಾವು ಸ್ಟೆತಸ್ಕೋಪಿನಲ್ಲಿ ಕೇಳುವುದು ತೂತಿನ ಸದ್ದಲ್ಲ. ಒಂದು ಬಾಗಿಲಿನಲ್ಲಿ ಎರಡು ಪಟ್ಟು ಜನ ನುಗ್ಗಿದಾಗ ಆಗುವ ಗದ್ದಲ ಅದು. ಶ್ವಾಸಕೋಶಕ್ಕೆ ಹೋಗುವ ವಾಲ್ವಿನಲ್ಲಿ 10ರ ಬದಲು 23 ತಂಬಿಗೆ ಹಾಯುವಾಗ ಬರುವ ಸಣ್ಣ ಸುಯ್‌ ಸದ್ದು. ಇನ್ನೊಂದು ಸುಳಿವೂ ಇದೆ. ಹೃದಯದ ಎರಡನೇ ಬಡಿತ ‘ಡಪ್’ ಅನ್ನುವ ಬದಲು ‘ಡ-ಡಪ್’ ಅಂತ ಒಡೆದು ಕೇಳುತ್ತದೆ. ಸಾಮಾನ್ಯ ಮಕ್ಕಳಲ್ಲೂ ಉಸಿರು ಎಳೆದಾಗ ಇದು ಒಡೆಯುತ್ತದೆ, ಉಸಿರು ಬಿಟ್ಟಾಗ ಕೂಡುತ್ತದೆ. ಎ.ಎಸ್.ಡಿ.ಯಲ್ಲಿ ಉಸಿರು ಬಿಟ್ಟರೂ ಕೂಡುವುದಿಲ್ಲ. ಶಾಲೆಗೆ ಬಂದ ಡಾಕ್ಟರು, ಬಹುಶಃ 2013ರಲ್ಲಿ ಶುರುವಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು, 50 ಮಕ್ಕಳ ಗಲಾಟೆಯ ನಡುವೆ ಇದನ್ನು ಹಿಡಿದಿದ್ದಾರೆ ಅಂದರೆ ಅವರ ಕಿವಿ ಚುರುಕು. ನನ್ನ ಓ.ಪಿ.ಡಿ.ಗೆ 35 ವರ್ಷದ ಹೆಣ್ಣುಮಕ್ಕಳು ಬರುತ್ತಾರೆ, ಎರಡನೇ ಹೆರಿಗೆಯಲ್ಲಿ ದಮ್ಮು ಬಂದ ಮೇಲೆ ಗೊತ್ತಾದವರು.

ಹಾಗಾದರೆ ಮುಚ್ಚುವುದು ಯಾಕೆ? ಇವತ್ತಿಗಾಗಿ ಅಲ್ಲ, ಆಕೆಯ 40ನೇ ವರ್ಷಕ್ಕಾಗಿ. ಬಲಗಡೆಯ ಕೋಣೆ ವರ್ಷಗಟ್ಟಲೆ ಹಿಗ್ಗಿದರೆ ಮುಂದೆ ಓಡಾಡುವಾಗ ದಮ್ಮು ಬರುತ್ತದೆ, ಬಡಿತ ತಾಳ ತಪ್ಪುತ್ತದೆ. ಕೆಲವರಲ್ಲಿ ಶ್ವಾಸಕೋಶದ ನಾಳಗಳೇ ಬಿರುಸಾಗುತ್ತವೆ. ಆ ಕೊನೆಯದು ಆದರೆ ಕಥೆ ತಿರುಗುತ್ತದೆ. ಬಲಗಡೆಯ ಒತ್ತಡ ಎಡಗಡೆಯನ್ನು ಮೀರಿ, ಕಪ್ಪು ರಕ್ತ ಅದೇ ತೂತಿನಿಂದ ಎಡಕ್ಕೆ ಜಾರಲು ಶುರುವಾಗುತ್ತದೆ. ಆಗ ತೂತು ಮುಚ್ಚಲೂ ಬಾರದು. ಒತ್ತಡ ಇಳಿಯಲು ಉಳಿದಿರುವ ದಾರಿ ಅದೊಂದೇ. ತೂತು ಅದೇ, ಹರಿವು ತಿರುಗಿತು, ಚಿಕಿತ್ಸೆಯೂ ತಿರುಗಿತು. ಎ.ಎಸ್.ಡಿ.ಯಲ್ಲಿ ಇದು ಅಪರೂಪ, ಆಗುವುದಿದ್ದರೂ ದೊಡ್ಡ ವಯಸ್ಸಿನಲ್ಲಿ. ನಿಮ್ಮ ಮಗಳ ವಿಷಯದಲ್ಲಿ ಹೆದರುವ ಮಾತಲ್ಲ. ಸೂಟಿಯಲ್ಲಿ ಮಾಡಿಸೋಣ ಅಂದದ್ದು ಸರಿಯಾದ ಮಾತೇ. ಸೂಟಿಯಿಂದ ಸೂಟಿಗೆ ನಾಲ್ಕು ವರ್ಷ ಮುಂದೂಡಬೇಡಿ, ಅಷ್ಟೇ.

ಛತ್ರಿ ಅಂದರೆ ನಿಟಿನಾಲ್ ಅನ್ನುವ ಲೋಹದ ತಂತಿಯಲ್ಲಿ ಹೆಣೆದ ಎರಡು ತಟ್ಟೆ, ನಡುವೆ ಒಂದು ಕುತ್ತಿಗೆ. ತೊಡೆಯ ಸಂದಿನ ರಕ್ತನಾಳದಿಂದ ಮಡಚಿ ಒಯ್ಯುತ್ತಾರೆ. ತೂತಿನ ಆಚೆ ಒಂದು ತಟ್ಟೆ, ಈಚೆ ಒಂದು ತಟ್ಟೆ ಬಿಚ್ಚುತ್ತದೆ, ಗೋಡೆಯನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತದೆ. ಹಿಡಿದುಕೊಳ್ಳಲು ತೂತಿನ ಸುತ್ತ ಅಂಚು ಬೇಕು, ಸುಮಾರು 5 ಎಂ.ಎಂ. ಇದ್ದರೆ ಒಳ್ಳೆಯದು. ಗೋಡೆಯ ನಡುಮಧ್ಯದ ತೂತಿಗೆ ಮಾತ್ರ ಇದು ಆಗುತ್ತದೆ. ತೀರಾ ಮೇಲೆ ಅಥವಾ ತೀರಾ ಕೆಳಗೆ ಇದ್ದರೆ ಒಂದು ಕಡೆ ಅಂಚೇ ಇರುವುದಿಲ್ಲ, ಆಗ ಆಪರೇಷನ್ನೇ ಬೇಕು. ಮುಂದಿನ ಸಲ ಹೋದಾಗ ಅಂಚು ಸಾಕಷ್ಟಿದೆಯಾ ಅಂತ ಕೇಳಿ. ಹಾಕಿದ ಮೇಲೆ ಆರು ತಿಂಗಳು ಆಸ್ಪಿರಿನ್ ಕೊಡುತ್ತಾರೆ. ಅಷ್ಟರಲ್ಲಿ ಹೃದಯದ ಒಳಪೊರೆ ಅದರ ಮೇಲೆ ಬೆಳೆದು ಮುಚ್ಚಿಕೊಳ್ಳುತ್ತದೆ.

ಈಗ ನಿಮ್ಮ ಮೈದುನನ ಮಗ. ಟೆಟ್ರಾಲಜಿ ಅಂದರೆ ನಾಲ್ಕರ ಗುಂಪು. 1888ರಲ್ಲಿ ಫ್ರಾನ್ಸಿನ ಮಾರ್ಸೇಲಿನಲ್ಲಿ ಫ್ಯಾಲೋ ಅನ್ನುವ ಡಾಕ್ಟರು ‘ನೀಲಿ ಕಾಯಿಲೆ’ ಅಂತ ಇದನ್ನು ವಿವರವಾಗಿ ಬರೆದರು, ಅವರ ಹೆಸರೇ ನಿಂತಿತು. ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತು. ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಮೈಗೆ ಹೋಗುವ ಮಹಾನಾಳ ಎಡಗಡೆಯ ಕೋಣೆಯ ಮೇಲಷ್ಟೇ ಕೂರದೆ ತೂತಿನ ಮೇಲೆ ಎರಡೂ ಕಡೆ ಕಾಲು ಚಾಚಿ ಕೂತಿರುತ್ತದೆ. ಬಲಗಡೆಯ ಕೋಣೆಯ ಗೋಡೆ ದಪ್ಪ. ನಾಲ್ಕು ಅಂದಾಕ್ಷಣ ಕೂಸಿಗೆ ನಾಲ್ಕು ಕಾಯಿಲೆ ಬಂದಿವೆ ಅಂದುಕೊಳ್ಳಬೇಡಿ. ಮೂಲ ತಪ್ಪು ಒಂದೇ. ಬಸಿರಿನ ಮೊದಲ ಎರಡು ತಿಂಗಳಲ್ಲಿ ಹೃದಯದ ನಡುಗೋಡೆ ಕಟ್ಟುವಾಗ ಅದರ ಮೇಲಿನ ತುಂಡು ಸ್ವಲ್ಪ ಮುಂದಕ್ಕೆ ವಾಲಿತು. ಮನೆ ಕಟ್ಟುವಾಗ ನಡುಗೋಡೆ ಪಕ್ಕದ ಕೋಣೆಯ ಕಡೆ ಸರಿದರೆ ಏನಾಗುತ್ತದೆ? ಆ ಕೋಣೆಯ ಬಾಗಿಲು ಕಿರಿದಾಗುತ್ತದೆ, ಗೋಡೆ ಬಿಟ್ಟ ಜಾಗದಲ್ಲಿ ಸಂದು ಉಳಿಯುತ್ತದೆ, ಈ ಕಡೆಯ ಬಾಗಿಲು ಆ ಸಂದಿನ ಮೇಲೆ ಬಂದು ನಿಲ್ಲುತ್ತದೆ. ಮೂರು ಆಯಿತು. ಕಿರಿದಾದ ಬಾಗಿಲಿನಿಂದ ತಳ್ಳಿ ತಳ್ಳಿ ಬಲಗಡೆಯ ಗೋಡೆ ಜಟ್ಟಿಯ ತೋಳಿನ ಹಾಗೆ ದಪ್ಪ ಆಗುತ್ತದೆ. ಅದು ನಾಲ್ಕನೆಯದು.

ಇಲ್ಲಿ ತೂತು ದೊಡ್ಡದು. ಎರಡೂ ಕೆಳಕೋಣೆಗಳ ಒತ್ತಡ ಒಂದೇ ಆಗಿಬಿಡುತ್ತದೆ. ಆಗ ರಕ್ತ ಎತ್ತ ಹೋಗಬೇಕು ಅನ್ನುವುದನ್ನು ನಿರ್ಧರಿಸುವುದು ಎರಡು ಹೊರದಾರಿಗಳ ಪೈಪೋಟಿ. ಒಂದು ಕಡೆ ಶ್ವಾಸಕೋಶಕ್ಕೆ ಹೋಗುವ ಕಿರಿದಾದ ದಾರಿ. ಇನ್ನೊಂದು ಕಡೆ ಮೈಗೆ ಹೋಗುವ ಅಗಲವಾದ ಮಹಾನಾಳ, ಅದೂ ತೂತಿನ ಮೇಲೇ ಬಾಯಿ ತೆರೆದು ಕೂತಿದೆ. ಶ್ವಾಸಕೋಶದ ದಾರಿ ಹೆಚ್ಚು ಅಡ್ಡಿ ಮಾಡಿದರೆ ಬಲಗಡೆಯ ಕಪ್ಪು ರಕ್ತ ಕೆಂಪು ಆಗದೇ ಸೀದಾ ಮೈಗೆ ಹೋಗುತ್ತದೆ. ಅದೇ ನೀಲಿ.

ಇದಕ್ಕೂ ಲೆಕ್ಕ ಹಾಕೋಣ, ಯಾಕೆಂದರೆ ಈ ಲೆಕ್ಕ ನೋಡಿದರೆ ಮಾತ್ರ ಅವಸರ ಯಾಕೆ ಅಂತ ತಿಳಿಯುತ್ತದೆ. ಕೂಸು ಸಮಾಧಾನವಾಗಿ ಆಡುತ್ತಿದೆ. ಮೈಗೆ 10 ತಂಬಿಗೆ ಹೋಗುವಾಗ ಶ್ವಾಸಕೋಶಕ್ಕೆ 6 ಹೋಗುತ್ತಿದೆ ಅನ್ನಿ. ಆ 6 ತಂಬಿಗೆ 98 ಆಗಿ ಬರುತ್ತದೆ. ಉಳಿದ 4 ತಂಬಿಗೆ ಶ್ವಾಸಕೋಶ ನೋಡದೇ ಬಂದ ರಕ್ತ, ಅದರಲ್ಲಿ 55. ಎರಡೂ ಕೂಡಿ ಮೈಗೆ ಹೋಗುವುದು 81. ಮೈ 26 ತೆಗೆದುಕೊಳ್ಳುತ್ತದೆ, ತಿರುಗಿ ಬಂದಾಗ ಮತ್ತೆ 55. ಲೆಕ್ಕ ಕೂಡುತ್ತದೆ. ಈಗ ಕೂಸು ಅತ್ತಿತು. ದಾರಿ ಇನ್ನಷ್ಟು ಬಿಗಿಯಿತು, ಶ್ವಾಸಕೋಶಕ್ಕೆ 6ರ ಬದಲು 4 ತಂಬಿಗೆ. ಮೈ ಮಾತ್ರ ಅದೇ 26 ಕೇಳುತ್ತದೆ. ಮೈಗೆ ಹೋಗುವ ರಕ್ತ ಕಪ್ಪಾಯಿತು, ತಿರುಗಿ ಬರುವುದು ಇನ್ನೂ ಕಪ್ಪಾಯಿತು, ಅದೇ ಮತ್ತೆ ಬೆರೆಯಿತು. ಹೀಗೆ ಇಳಿದು ಇಳಿದು 59ಕ್ಕೆ ಬಂದು ನಿಲ್ಲುತ್ತದೆ. ಎರಡೇ ತಂಬಿಗೆ ಕಡಿಮೆ ಆದದ್ದಕ್ಕೆ 81 ಇದ್ದದ್ದು 59. ಇನ್ನೊಂದು ತಂಬಿಗೆ ಕಡಿಮೆ ಆದರೆ 37. ಜೋರಾಗಿ ಅಳುವ ಮಗು ಕೇಳುವುದು 26ಕ್ಕಿಂತ ಜಾಸ್ತಿಯೇ, ಹಾಗಾಗಿ ನಿಜದಲ್ಲಿ ಇಳಿಜಾರು ಇನ್ನೂ ಕಡಿದು. ಎ.ಎಸ್.ಡಿ.ಯಲ್ಲಿ ಇಂಥ ಇಳಿಜಾರು ಇಲ್ಲ. ಒಬ್ಬಳಿಗೆ ಸೂಟಿ, ಇನ್ನೊಬ್ಬನಿಗೆ ಅವಸರ, ಇಷ್ಟೇ ಕಾರಣ.

ದಾರಿ ಯಾಕೆ ಒಮ್ಮೆಗೇ ಬಿಗಿಯುತ್ತದೆ? ಕಿರಿದಾದ ಜಾಗದಲ್ಲಿ ವಾಲ್ವಿನ ಕೆಳಗೆ ಮಾಂಸವಿದೆ. ಕೂಸು ಅತ್ತಾಗ, ಬಡಿತ ಜೋರಾದಾಗ ಆ ಮಾಂಸ ಹಿಂಡಿಕೊಳ್ಳುತ್ತದೆ. ಇನ್ನೊಂದು ಕಡೆಯಿಂದಲೂ ತೊಂದರೆ ಬರಬಹುದು. ಜ್ವರ, ಬಿಸಿನೀರಿನ ಸ್ನಾನ, ಭೇದಿ, ಇವುಗಳಲ್ಲಿ ಮೈಯ ರಕ್ತನಾಳ ಸಡಿಲಾದರೆ ಅಥವಾ ನೀರಿನಂಶ ಇಳಿದರೆ ಮೈಯ ಕಡೆಯ ದಾರಿ ಇನ್ನೂ ಸಲೀಸು ಆಗುತ್ತದೆ. ಪೈಪೋಟಿಯಲ್ಲಿ ಶ್ವಾಸಕೋಶ ಸೋಲುತ್ತದೆ. ಇದಕ್ಕೆ ನಾವು ‘ಸ್ಪೆಲ್’ ಅನ್ನುತ್ತೇವೆ. ಹೆಚ್ಚಾಗಿ ಬೆಳಿಗ್ಗೆ ಎದ್ದ ಮೇಲೆ, ಹಾಲು ಕುಡಿದ ಮೇಲೆ, ಅತ್ತ ಮೇಲೆ, ಮುಕ್ಕಿ ಕಕ್ಕಸು ಮಾಡಿದ ಮೇಲೆ ಬರುತ್ತದೆ. ಕೂಸು ಕಿರಿಕಿರಿ ಮಾಡುತ್ತದೆ, ಉಸಿರು ಜೋರಾಗಿ ಆಳವಾಗಿ ಎಳೆಯುತ್ತದೆ, ತುಟಿ ನಾಲಿಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಆಮೇಲೆ ಒಮ್ಮೆಗೇ ಜೋಲು ಬೀಳುತ್ತದೆ. ‘ಅತ್ತು ಅತ್ತು ಸುಸ್ತಾಗಿ ಮಲಗಿತು’ ಅಂತ ಮನೆಯವರು ತೊಟ್ಟಿಲಿಗೆ ಹಾಕುತ್ತಾರೆ. ಅದು ನಿದ್ದೆಯಲ್ಲ, ಅಪಾಯ.

ನಾನು ಪಿ.ಜಿ. ಮಾಡುವಾಗ ನಡೆದದ್ದು ಹೇಳುತ್ತೇನೆ. ವಾರ್ಡಿನಲ್ಲಿ ವರ್ಷದ ಕೂಸೊಂದು ಸ್ಪೆಲ್‌ಗೆ ಹೋಯಿತು. ನಾನು ಪುಸ್ತಕದ ಹುಲಿ. ಕೂಸನ್ನು ತಾಯಿಯ ತೊಡೆಯಿಂದ ತೆಗೆದು ಮೇಜಿನ ಮೇಲೆ ಅಂಗಾತ ಮಲಗಿಸಿದೆ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಒತ್ತಿದೆ, ಸೂಜಿ ಹಾಕಲು ಕೈ ಚುಚ್ಚಿದೆ. ಕೂಸು ಇನ್ನೂ ಜೋರಾಗಿ ಅತ್ತಿತು, ಇನ್ನೂ ಕಪ್ಪಾಯಿತು. ಸ್ಟೆತಸ್ಕೋಪ್ ಇಟ್ಟೆ. ಬೆಳಿಗ್ಗೆ ಜೋರಾಗಿ ಕೇಳಿದ್ದ ಸುಯ್‌ ಸದ್ದು ಇಲ್ಲವೇ ಇಲ್ಲ! ಒಂದು ಕ್ಷಣ ಸುಧಾರಿಸುತ್ತಿದೆ ಅಂದುಕೊಂಡೆ. ಉಲ್ಟಾ. ಆ ಸದ್ದು ಕಿರಿದಾದ ದಾರಿಯಲ್ಲಿ ರಕ್ತ ಹಾಯುವ ಸದ್ದು. ಸದ್ದು ನಿಂತಿದೆ ಅಂದರೆ ಶ್ವಾಸಕೋಶಕ್ಕೆ ರಕ್ತ ಹೋಗುವುದೇ ನಿಂತಿದೆ. ಅಷ್ಟರಲ್ಲಿ ವಾರ್ಡಿನ ಹಿರಿಯ ಸಿಸ್ಟರ್ ಬಂದವರೇ ನನ್ನನ್ನು ಪಕ್ಕಕ್ಕೆ ಸರಿಸಿದರು. ಕೂಸನ್ನು ಎತ್ತಿ ತಾಯಿಯ ಹೆಗಲಿಗೆ ಒರಗಿಸಿ, ಎರಡೂ ಮೊಣಕಾಲು ಮಡಚಿ ಹೊಟ್ಟೆಗೆ ಒತ್ತಿ ಹಿಡಿದರು. ‘ಮಾತಾಡಸ್ರಿ ಅವ್ವಾ, ಹೆಸರ ಹಿಡದ ಕರೀರಿ’ ಅಂದರು. ಸ್ವಲ್ಪ ಹೊತ್ತಿಗೆ ತುಟಿಯ ಬಣ್ಣ ತಿರುಗಿತು. ಮತ್ತೆ ಕೇಳಿದೆ, ಸುಯ್‌ ಸದ್ದು ವಾಪಸ್ ಬಂದಿತ್ತು.

ಆ ಸಿಸ್ಟರ್ ಮಾಡಿದ್ದು ಪೈಪೋಟಿಯ ಲೆಕ್ಕವನ್ನೇ. ಮೊಣಕಾಲು ಮಡಚಿ ಒತ್ತಿದರೆ ತೊಡೆಯ ನಾಳಗಳು ಮಣಿಯುತ್ತವೆ, ಮೈಯ ಕಡೆಯ ದಾರಿ ಸ್ವಲ್ಪ ಬಿಗಿಯಾಗುತ್ತದೆ. ಆಗ ರಕ್ತಕ್ಕೆ ಶ್ವಾಸಕೋಶದ ಕಿರಿದಾದ ದಾರಿಯೇ ವಾಸಿ ಅನ್ನಿಸುತ್ತದೆ. ಕಾಲಿನಿಂದ ತಿರುಗಿ ಬರುವ ತೀರಾ ಕಪ್ಪು ರಕ್ತವೂ ಸ್ವಲ್ಪ ಹೊತ್ತು ಅಲ್ಲೇ ತಡೆಯುತ್ತದೆ. ಆಪರೇಷನ್ ಆಗದೇ ಬೆಳೆದ ಮಕ್ಕಳು ಇದನ್ನು ತಾವೇ ಕಂಡುಕೊಳ್ಳುತ್ತವೆ. ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರು ನನಗೆ ಹೇಳಿದ್ದರು, ‘ನಮ್ಮ ಹುಡುಗ ಭಾಳ ಶಾಣ್ಯಾ ರೀ, ಓಡಿ ಬಂದ್ರ ಸೀದಾ ಕುಕ್ಕರಗಾಲಿಲೆ ಕುಂಡರತಾನ’ ಅಂತ. ಹುಡುಗನಿಗೆ ಐದು ವರ್ಷ, ಸ್ಯಾಚುರೇಷನ್ 72. ಅವನು ಕೂರುತ್ತಿದ್ದದ್ದು ದಣಿವಾರಿಸಿಕೊಳ್ಳಲು ಅಂತ ಮನೆಯವರು ತಿಳಿದಿದ್ದರು. ಅವನ ಮೈ ತನ್ನ ಔಷಧಿ ತಾನೇ ಮಾಡಿಕೊಳ್ಳುತ್ತಿತ್ತು.

ನಿಮ್ಮ ನೆಗೆಣ್ಣಿಗೆ ಇವತ್ತೇ ಇದನ್ನು ಮಾಡಿ ತೋರಿಸಿ. ಕೂಸನ್ನು ಹೆಗಲಿಗೆ ಹಾಕಿಕೊಂಡು ಮೊಣಕಾಲನ್ನು ಅವನ ಎದೆಯ ಕಡೆಗೆ ಮಡಚಿ ಒತ್ತಿ ಹಿಡಿಯಬೇಕು. ಮಲಗಿಸಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಹಾಗೇ ಮಡಚಬೇಕು. ಬಾಯಿಗೆ ನೀರು ಬಿಡಬೇಡಿ, ಅಲ್ಲಾಡಿಸಬೇಡಿ. ಹಾಗೇ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಬೇಕು, ದಾರಿಯಲ್ಲಿ ಸರಿಹೋದರೂ ಹೋಗಬೇಕು. ಅಲ್ಲಿ ‘ಇವನಿಗೆ ಫ್ಯಾಲೋ ಇದೆ, ಇದು ಸ್ಪೆಲ್’ ಅಂತ ಮೊದಲ ಮಾತಿಗೇ ಹೇಳಿ. ಇಲ್ಲದಿದ್ದರೆ ಉಸಿರಾಟ ಜೋರಿದೆ ಅಂತ ನ್ಯುಮೋನಿಯಾದ ಚಿಕಿತ್ಸೆ, ನೆಬ್ಯುಲೈಸರ್ ಶುರುವಾಗಬಹುದು. ಸರಿಯಾದ ಚಿಕಿತ್ಸೆಯಲ್ಲಿ ಮಗುವನ್ನು ಶಾಂತ ಮಾಡುವ ಇಂಜೆಕ್ಷನ್, ನಾಳಕ್ಕೆ ಸಲೈನ್, ಹಿಂಡಿಕೊಂಡ ಮಾಂಸ ಸಡಿಲಿಸುವ ಔಷಧಿ ಇರುತ್ತವೆ. ಆ ಕೊನೆಯ ಗುಂಪಿನ ಪ್ರೊಪ್ರನಲಾಲ್ ಅನ್ನುವ ಔಷಧಿಯನ್ನು ಆಪರೇಷನ್ ಆಗುವವರೆಗೆ ಮನೆಯಲ್ಲೂ ಕೊಡುತ್ತಾರೆ. ಅವನಿಗೆ ಬರೆದುಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ.

‘ಅತ್ತಾಗ ಮಾತ್ರ ನೀಲಿ, ಇಲ್ಲದಿದ್ದರೆ ಚೆನ್ನಾಗಿದ್ದಾನೆ’ ಅನ್ನುವ ಮಾತನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ನೀಲಿ ಕಾಣುವುದು ಸ್ಯಾಚುರೇಷನ್ ಎಷ್ಟಿದೆ ಅನ್ನುವುದರ ಮೇಲಷ್ಟೇ ನಿಂತಿಲ್ಲ. ರಕ್ತದಲ್ಲಿ ಕಪ್ಪು ಹಿಮೋಗ್ಲೋಬಿನ್ ಎಷ್ಟು ಗ್ರಾಂ ಇದೆ ಅನ್ನುವುದರ ಮೇಲೆ ನಿಂತಿದೆ. ಇಬ್ಬರು ಮಕ್ಕಳಿಗೂ ಸ್ಯಾಚುರೇಷನ್ 80 ಇದೆ ಅನ್ನಿ. ಒಬ್ಬನ ಹಿಮೋಗ್ಲೋಬಿನ್ 16, ಅದರಲ್ಲಿ ಐದನೇ ಒಂದು ಭಾಗ ಕಪ್ಪು, ಅಂದರೆ 3.2 ಗ್ರಾಂ. ಇನ್ನೊಬ್ಬನದು 9, ಕಪ್ಪು 1.8 ಗ್ರಾಂ. ಮೊದಲನೆಯವನ ತುಟಿ ನೀಲಿ ಕಾಣುತ್ತದೆ, ಎರಡನೆಯವನದು ಕಾಣುವುದೇ ಕಷ್ಟ. ಆದರೆ ಹೆಚ್ಚು ತೊಂದರೆಯಲ್ಲಿ ಇರುವವನು ಎರಡನೆಯವನೇ, ಆಕ್ಸಿಜನ್ ಹೊರುವ ಗಾಡಿಗಳೇ ಅವನಲ್ಲಿ ಕಡಿಮೆ. ನಮ್ಮ ಕಡೆ ವರ್ಷ ದಾಟಿದರೂ ಬರೀ ಹಾಲಿನ ಮೇಲಿರುವ ಕೂಸುಗಳಲ್ಲಿ ಕಬ್ಬಿಣದ ಕೊರತೆ ಬಹಳ. ಹಾಗಾಗಿ ಕಣ್ಣಳತೆ ನಂಬದೆ ಬೆರಳಿನ ಕ್ಲಿಪ್ ನಂಬಿ, ಅದೂ ಕೂಸು ಶಾಂತವಾಗಿದ್ದಾಗ. ಬಣ್ಣ ನೋಡಲೇಬೇಕೆಂದರೆ ಉಗುರು ಬಿಟ್ಟು ನಾಲಿಗೆ ನೋಡಿ. ಚಳಿಗೆ ಯಾರ ಉಗುರೂ ನೀಲಿ ಆಗುತ್ತದೆ. ಫ್ಯಾಲೋ ಮಗುವಿಗೆ ಹಿಮೋಗ್ಲೋಬಿನ್ 11 ಬಂದರೆ ಲ್ಯಾಬ್ ಚೀಟಿಯಲ್ಲಿ ಅದು ಸರಿ ಅಂತಲೇ ಇರುತ್ತದೆ, ಆದರೆ ಅವನಿಗೆ ಅದು ಕಡಿಮೆ. ಕಬ್ಬಿಣದ ಟಾನಿಕ್ ಕೊಟ್ಟರೆ ‘ರಕ್ತ ಸರಿ ಐತಲ್ಲ, ಯಾಕ?’ ಅಂತ ನಿಲ್ಲಿಸಬೇಡಿ.

ಛತ್ರಿ ಯಾಕಾಗದು ಅನ್ನುವುದಕ್ಕೆ ಈಗ ನೀವೇ ಉತ್ತರ ಹೇಳಬಹುದು. ಅವನ ಶ್ವಾಸಕೋಶದ ದಾರಿ ಕಿರಿದಾಗಿರುವಾಗ ತೂತು ಮಾತ್ರ ಮುಚ್ಚಿದರೆ ಬಲಗಡೆಯ ಕೋಣೆಗೆ ಹೊರದಾರಿಯೇ ಇರುವುದಿಲ್ಲ. ಕಾಲುವೆ ಕಟ್ಟಿಕೊಂಡಿರುವಾಗ ಒಡ್ಡು ಕಟ್ಟಿದ ಹಾಗೆ. ಆದ್ದರಿಂದ ಎದೆ ತೆರೆದು ಅಡ್ಡ ಬಂದ ಮಾಂಸ ಕತ್ತರಿಸಿ, ವಾಲ್ವು ಬಿಡಿಸಿ ದಾರಿ ಅಗಲ ಮಾಡುತ್ತಾರೆ. ಅದೇ ಆಪರೇಷನ್ನಿನಲ್ಲಿ ತೂತಿಗೆ ಪ್ಯಾಚ್ ಹೊಲಿಯುತ್ತಾರೆ. ಆ ಪ್ಯಾಚ್ ಹೊಲಿಯುವುದೂ ನೇರಕ್ಕಲ್ಲ, ಸ್ವಲ್ಪ ಓರೆ. ಎಡಗಡೆಯ ರಕ್ತ ಆ ಓರೆಯನ್ನು ಹಿಡಿದು ಸೀದಾ ಮಹಾನಾಳಕ್ಕೆ ಹೋಗಬೇಕು. ಸಾಮಾನ್ಯವಾಗಿ ವರ್ಷದ ಒಳಗೇ ಇದನ್ನು ಮಾಡುತ್ತಾರೆ. ನಿಮ್ಮ ಹುಡುಗ 14 ತಿಂಗಳು, ಸ್ಪೆಲ್‌ ಬರುವ ವಯಸ್ಸಿನ ನಡುವೆ ಇದ್ದಾನೆ. ‘ಸ್ವಲ್ಪ ತೂಕ ಬರಲಿ’ ಅಂತ ಮನೆಯವರೇ ಕಾಯಬೇಡಿ. ಕಾಯುವ ಪ್ರತಿ ತಿಂಗಳು ಆ ಅಡ್ಡ ಮಾಂಸ ಇನ್ನಷ್ಟು ದಪ್ಪ ಆಗುತ್ತದೆ. ಹುಟ್ಟಿದಾಗ ಅವನು ಕೆಂಪಗೇ ಇದ್ದು ಈಗ ನೀಲಿ ಆಗಿದ್ದರೆ ಅದಕ್ಕೆ ಕಾರಣವೂ ಇದೇ.

ಶ್ವಾಸಕೋಶದ ನಾಳಗಳೇ ತೀರಾ ಸಣ್ಣ ಇದ್ದರೆ ಮಾತ್ರ ಮೊದಲು ಬೇರೆ ಹಾದಿ ಹಿಡಿಯುತ್ತಾರೆ. ಕೈಗೆ ಹೋಗುವ ನಾಳದಿಂದ ಶ್ವಾಸಕೋಶದ ನಾಳಕ್ಕೆ ಸಣ್ಣ ಕೊಳವೆ ಹಾಕಿ ರಕ್ತ ತಿರುಗಿಸುತ್ತಾರೆ, ನಾಳಗಳು ಬೆಳೆದ ಮೇಲೆ ದೊಡ್ಡ ಆಪರೇಷನ್. ಈ ಉಪಾಯ ಹೊಳೆದದ್ದು ಹೆಲೆನ್ ಟೌಸಿಗ್ ಅನ್ನುವ ಡಾಕ್ಟರಿಗೆ. ಹುಟ್ಟುವಾಗ ತೆರೆದಿರುವ ಒಂದು ನಾಳ ಮುಚ್ಚಿಕೊಂಡಾಗ ಕೆಲವು ಕೂಸುಗಳು ಹೆಚ್ಚು ನೀಲಿ ಆಗುವುದನ್ನು ಅವರು ಗಮನಿಸಿದ್ದರು. ಹಾಗಾದರೆ ನಾವೇ ಒಂದು ನಾಳ ಮಾಡಿಕೊಟ್ಟರೆ ಹೇಗೆ ಅಂದರು. 1944ರ ನವೆಂಬರಿನಲ್ಲಿ ಬಾಲ್ಟಿಮೋರಿನಲ್ಲಿ ಬ್ಲಾಲಾಕ್ ಅನ್ನುವ ಸರ್ಜನ್ ಅದನ್ನು ಮಾಡಿದರು. ಅವರ ಹಿಂದೆ ನಿಂತು ಹೆಜ್ಜೆ ಹೆಜ್ಜೆಗೂ ಹೇಳಿಕೊಟ್ಟವರು ಡಾಕ್ಟರಲ್ಲದ ಲ್ಯಾಬ್ ಸಹಾಯಕ ವಿವಿಯನ್ ಥಾಮಸ್, ನಾಯಿಗಳ ಮೇಲೆ ಆ ಹೊಲಿಗೆ ಪಳಗಿಸಿದ್ದವರು.

ಆಪರೇಷನ್ ಆದ ಮೇಲೆ ಫೈಲು ಟ್ರಂಕಿನ ತಳಕ್ಕೆ ಹಾಕಬೇಡಿ. ದಾರಿ ಅಗಲ ಮಾಡುವಾಗ ಎಷ್ಟೋ ಮಕ್ಕಳಲ್ಲಿ ವಾಲ್ವಿನ ಬಳೆಯನ್ನೇ ಕತ್ತರಿಸಿ ಹಿಗ್ಗಿಸಬೇಕಾಗುತ್ತದೆ. ಆಮೇಲೆ ಆ ವಾಲ್ವು ಸರಿಯಾಗಿ ಮುಚ್ಚುವುದಿಲ್ಲ, ತಳ್ಳಿದ ರಕ್ತ ಸ್ವಲ್ಪ ಹಿಂದಕ್ಕೆ ಸೋರುತ್ತದೆ. ಹುಡುಗ ಕೆಂಪಗಿರುತ್ತಾನೆ, ಶಾಲೆಗೆ ಹೋಗುತ್ತಾನೆ, ಕಬಡ್ಡಿಯೂ ಆಡಬಹುದು. ಆದರೆ ಆ ಸೋರಿಕೆಯಿಂದ ಬಲಗಡೆಯ ಕೋಣೆ ವರ್ಷಗಟ್ಟಲೆ ನಿಧಾನವಾಗಿ ಹಿಗ್ಗುತ್ತದೆ, ನಿಮ್ಮ ಮಗಳಲ್ಲಿ ಬೇರೆ ಕಾರಣಕ್ಕೆ ಹಿಗ್ಗಿದ ಹಾಗೆಯೇ. ಹರೆಯದಲ್ಲೋ ಅದರ ಆಚೆಗೋ ಕೆಲವರಿಗೆ ಹೊಸ ವಾಲ್ವು ಬೇಕಾಗುತ್ತದೆ. ವರ್ಷಕ್ಕೊಮ್ಮೆ ಎಕೋ ಮಾಡಿಸುವುದು ಅದಕ್ಕಾಗಿ.

ಬಿಸಿಲಿನ ಬಗ್ಗೆ ಒಂದು ಮಾತು. ಆಪರೇಷನ್ನಿಗೆ ಮೊದಲು ನಿಮ್ಮ ಕಡೆಯ ಏಪ್ರಿಲ್ ಬಂದರೆ, ಅವನಿಗೆ ಭೇದಿ ಅಥವಾ ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ನೀರಿನಂಶ ಇಳಿದರೆ ಸ್ಪೆಲ್‌ ಬರುತ್ತದೆ, ಆಕ್ಸಿಜನ್ ಕೊರತೆ ತುಂಬಲು ಹಿಮೋಗ್ಲೋಬಿನ್ ಹೆಚ್ಚಾಗಿ ದಪ್ಪಗಾದ ರಕ್ತ ಮೆದುಳಿನಲ್ಲಿ ಹೆಪ್ಪುಗಟ್ಟುವ ಭಯವೂ ಇದೆ. ಓ.ಆರ್.ಎಸ್. ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ಇನ್ನು ನೆಗೆಣ್ಣಿಯ ಬಸಿರು. ಒಂದು ಮಗುವಿಗೆ ಇದ್ದರೆ ಮುಂದಿನ ಮಗುವಿಗೆ ಹೃದಯದ ತೊಂದರೆ ಬರುವ ಸಂಭವ ನೂರಕ್ಕೆ ಮೂರರ ಆಸುಪಾಸು. ಅಂದರೆ ನೂರರಲ್ಲಿ 97 ಸಲ ಏನೂ ಇರುವುದಿಲ್ಲ. ಸೋದರಮಾವನ ಮದುವೆಯಂಥ ಹತ್ತಿರದ ಸಂಬಂಧ ಇದ್ದರೆ ಸಂಭವ ಸ್ವಲ್ಪ ಹೆಚ್ಚು, ಡಾಕ್ಟರಿಗೆ ತಿಳಿಸಿ. ಗ್ರಹಣದಲ್ಲಿ ಹೊರಗೆ ಬಂದಳು, ಅದು ತಿಂದಳು ಅಂತ ಮನೆಯಲ್ಲಿ ಯಾರಾದರೂ ಆಕೆಯನ್ನು ಅನ್ನುತ್ತಿದ್ದರೆ ಅವರಿಗೆ ಆ ವಾಲಿದ ಗೋಡೆಯ ಕಥೆ ಹೇಳಿ. ಆ ಗೋಡೆ ವಾಲುವ ಹೊತ್ತಿಗೆ ಬಸಿರು ನಿಂತಿದೆ ಅಂತ ಎಷ್ಟೋ ಹೆಣ್ಣುಮಕ್ಕಳಿಗೆ ಇನ್ನೂ ಗೊತ್ತೇ ಆಗಿರುವುದಿಲ್ಲ.

18ರಿಂದ 22ನೇ ವಾರದೊಳಗೆ ಫೀಟಲ್ ಎಕೋ ಮಾಡಿಸಿ. ಸಾಮಾನ್ಯ ಸ್ಕ್ಯಾನ್ ಬೇರೆ, ಇದು ಹೊಟ್ಟೆಯೊಳಗಿನ ಕೂಸಿನ ಹೃದಯಕ್ಕೇ ಮಾಡುವ ಸ್ಕ್ಯಾನ್. ಫ್ಯಾಲೋ ಇದ್ದರೆ ಹೆಚ್ಚಾಗಿ ಅದರಲ್ಲಿ ಕಾಣುತ್ತದೆ. ನಿಮ್ಮ ಮಗಳ ಎ.ಎಸ್.ಡಿ.ಯಂಥದ್ದು ಮಾತ್ರ ಕಾಣುವುದಿಲ್ಲ. ಯಾಕೆಂದರೆ ಹೊಟ್ಟೆಯೊಳಗೆ ಎಲ್ಲ ಕೂಸುಗಳಿಗೂ ಆ ಗೋಡೆಯಲ್ಲಿ ಕಿಂಡಿ ಇರಲೇಬೇಕು. ಅಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲ, ಆಕ್ಸಿಜನ್ ತಾಯಿಯಿಂದ ಬರುತ್ತದೆ. ಆ ರಕ್ತ ಬಲದಿಂದ ಎಡಕ್ಕೆ ಅದೇ ಕಿಂಡಿಯಿಂದ ಹಾಯುತ್ತದೆ. ಹುಟ್ಟಿ ಮೊದಲ ಉಸಿರು ಎಳೆದ ಮೇಲೆ ಹರಿವು ತಿರುಗಿ ಕಿಂಡಿಯ ಕದ ಮುಚ್ಚಿಕೊಳ್ಳಬೇಕು. ಅದು ಮುಚ್ಚಿತೋ ಇಲ್ಲವೋ ಅಂತ ನೋಡಲು ಕೂಸಿಗೆ ಆರು ತಿಂಗಳಾದ ಮೇಲೆ ಒಂದು ಎಕೋ ಮಾಡಿಸಿದರೆ ಆಯಿತು.